ದಿನಕ್ಕೆ 3 ಮಾತ್ರೆ, ಸ್ಟ್ರಿಪ್‌ಗೆ 28: ಟಿಬಿ ಮಾತ್ರೆಯ ಲೆಕ್ಕ ಇಟ್ಟುಕೊಳ್ಳುವ ಬಗೆ

ಕಾಫಿ ಹಣ್ಣಿನ ಕುಯ್ಲು ಶುರುವಾದ ಡಿಸೆಂಬರ್ ತಿಂಗಳು. ದಕ್ಷಿಣ ಕೊಡಗಿನ ಒಂದು ತೋಟದ ಲೈನ್ ಮನೆ. ಪಿರಿಯಾಪಟ್ಟಣದ ಕಡೆಯಿಂದ ಹೆಂಡತಿಯ ಜೊತೆ ಕುಯ್ಲಿಗೆ ಬಂದಿದ್ದ ಕೆಲಸಗಾರನೊಬ್ಬನಿಗೆ ಟಿಬಿ ಮಾತ್ರೆ ಶುರುವಾಗಿ 20 ದಿನ ಆಗಿತ್ತು. ಫಾರ್ಮಸಿಸ್ಟ್ ಕೆಲಸದಿಂದ ನಿವೃತ್ತನಾದ ಮೇಲೂ ಆಶಾ ಕಾರ್ಯಕರ್ತೆಯ ಜೊತೆ ಆಗಾಗ ಇಂಥ ಮನೆಗಳಿಗೆ ಹೋಗುವುದು ನನ್ನ ರೂಢಿ. ಆತನ ಹೆಂಡತಿ ಸ್ಟೀಲ್ ಡಬ್ಬಿ ತೆಗೆದು ತೋರಿಸಿದಳು. "ನೋಡಿ ಸಾರ್, ಎರಡು ಸ್ಟ್ರಿಪ್ ಖಾಲಿ, ಒಂದು ಹಂಗೇ ಐತೆ. ಒಂದು ದಿನಾನೂ ಬಿಟ್ಟಿಲ್ಲ" ಎಂದಳು.

ನೋಡಲು ಚೊಕ್ಕವಾಗಿತ್ತು. ಲೆಕ್ಕ ಮಾತ್ರ ತಪ್ಪಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಒಂದು ದಿನವೂ ಬಿಟ್ಟಿರಲಿಲ್ಲ. ಆದರೂ 2 ದಿನದ ಡೋಸ್ ಅರ್ಧಕ್ಕಿಂತ ಕಡಿಮೆ ಬಿದ್ದಿತ್ತು. ಅದು ಹೇಗಾಯಿತು, ಸ್ಟ್ರಿಪ್ ನೋಡಿಯೇ ಅದನ್ನು ಹೇಗೆ ಕಂಡುಹಿಡಿಯಬಹುದು, ಮತ್ತೆ ಆಗದಂತೆ ಏನು ಮಾಡಬೇಕು ಎನ್ನುವುದನ್ನು ಇಲ್ಲಿ ಹೇಳುತ್ತೇನೆ. ಔಷಧಿಗೆ ಬಗ್ಗುವ ಸಾಮಾನ್ಯ ಟಿಬಿಗೆ ದೊಡ್ಡವರು ತೆಗೆದುಕೊಳ್ಳುವ 6 ತಿಂಗಳ ಮಾತ್ರೆಗಳ ಬಗ್ಗೆ ಮಾತ್ರ ಈ ಬರಹ. ಮಕ್ಕಳ ಮಾತ್ರೆಯೂ ಔಷಧಿಗೆ ಬಗ್ಗದ ಟಿಬಿಯ ಮಾತ್ರೆಯೂ ಬೇರೆ, ಅವುಗಳ ಲೆಕ್ಕವೂ ಬೇರೆ.

ಮೊದಲು ಸ್ಟ್ರಿಪ್ ಮೇಲಿನ ಅಂಕಿ ಓದಿ

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಟಿಬಿ ಮಾತ್ರೆಯನ್ನು ಎಫ್‌ಡಿಸಿ ಎನ್ನುತ್ತಾರೆ. ಹಲವು ಔಷಧಿಗಳನ್ನು ಗೊತ್ತಾದ ಅಳತೆಯಲ್ಲಿ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಮೊದಲ 2 ತಿಂಗಳ ಮಾತ್ರೆಯಲ್ಲಿ 4 ಔಷಧಿ: ಐಸೋನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275. ನಂತರದ 4 ತಿಂಗಳ ಮಾತ್ರೆಯಲ್ಲಿ ಪೈರಾಜಿನಮೈಡ್ ಇರುವುದಿಲ್ಲ, ಉಳಿದ ಮೂರೂ ಅದೇ ಅಳತೆಯಲ್ಲಿ ಇರುತ್ತವೆ.

ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ, ಸ್ಟ್ರಿಪ್ ಮೇಲೆ ಇಂಗ್ಲಿಷಿನಲ್ಲಿ ಸಣ್ಣಗೆ ಅಚ್ಚಾಗಿರುತ್ತವೆ. ಅದಕ್ಕೇ ನಾನು ಎಲ್ಲರಿಗೂ ಒಂದೇ ಅಂಕಿ ಹೇಳಿಕೊಡುತ್ತೇನೆ: 400. ಸ್ಟ್ರಿಪ್ ಮೇಲೆ 400 ಇದ್ದರೆ ಅದು ಮೊದಲ ಹಂತದ ಮಾತ್ರೆ, ಇಲ್ಲದಿದ್ದರೆ ಎರಡನೆಯ ಹಂತದ್ದು. ಓದು ಬಾರದವರೂ ಬಸ್ಸಿನ ನಂಬರ್ ಗುರುತಿಸುವ ಹಾಗೆ ಇದನ್ನು ಗುರುತಿಸುತ್ತಾರೆ.

ಬಣ್ಣ ನೋಡಿ ಗುರುತಿಟ್ಟುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮಾತ್ರೆಯ ಮೇಲಿನ ಬಣ್ಣ ಹೊರಲೇಪದ್ದು, ಅದನ್ನು ಆರಿಸುವವರು ತಯಾರಕರು. ಸರಬರಾಜು ಮಾಡುವ ಕಂಪನಿ ಬದಲಾದರೆ ಅದೇ ಔಷಧಿ, ಅದೇ ಅಳತೆ, ಬಣ್ಣ ಮಾತ್ರ ಬೇರೆ ಬರಬಹುದು. "ಈ ಸಲ ಬೇರೆ ಮಾತ್ರೆ ಕೊಟ್ಟುಬಿಟ್ಟರು" ಎಂದು ಸ್ಟ್ರಿಪ್ಪನ್ನು ಮುಟ್ಟದೆ ಇಟ್ಟವರನ್ನು ನಾನು ಕಂಡಿದ್ದೇನೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆಯ ತಪ್ಪು: ಎರಡು ಹಂತದ ಮಾತ್ರೆಗಳ ಬಣ್ಣ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಹಂತ ಬದಲಾದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ಹಾಗಾಗಿ ಹೊಸ ಸ್ಟ್ರಿಪ್ ಕೈಗೆ ಬಂದಾಗಲೆಲ್ಲ ಹಳೆಯ ಖಾಲಿ ಸ್ಟ್ರಿಪ್ಪಿನ ಪಕ್ಕ ಇಟ್ಟು ಅಂಕಿಗಳನ್ನು ಹೋಲಿಸಿ. ಅಂಕಿ ಒಂದೇ ಇದ್ದರೆ ಬಣ್ಣ ಬೇರೆಯಾದರೂ ಅದೇ ಮಾತ್ರೆ. ಅಂಕಿ ಬೇರೆಯಾಗಿದ್ದರೆ, ಬಣ್ಣ ಒಂದೇ ಇದ್ದರೂ, ಕೊಟ್ಟವರನ್ನು ಕೇಳಿ.

ಹಳಬರ ಮನಸ್ಸಿನಲ್ಲಿ ಇನ್ನೊಂದು ಬಣ್ಣ ಕೂತಿದೆ, ಕೆಂಪು ಡಬ್ಬಿ. 2017ಕ್ಕೆ ಮುಂಚೆ ರೋಗಿಯ ಹೆಸರಿಗೊಂದು ಡಬ್ಬಿ ಬರುತ್ತಿತ್ತು. ಮೊದಲ ಸಲದ ರೋಗಿಗೆ ಕೆಂಪು, ಮರಳಿ ಚಿಕಿತ್ಸೆಗೆ ಬಂದವರಿಗೆ ನೀಲಿ. ಬಿಡಿ ಬಿಡಿ ಔಷಧಿ, ಮೊದಲ ಹಂತದಲ್ಲಿ ಒಮ್ಮೆಗೆ 7 ಮಾತ್ರೆ, ವಾರಕ್ಕೆ 3 ದಿನ. ಆ ಕಾಲದಲ್ಲಿ ಗುಣವಾದ ದೊಡ್ಡಪ್ಪನೋ ಮಾವನೋ ಮನೆಯಲ್ಲಿದ್ದರೆ "ದಿನಾ ಯಾಕೆ, ದಿನ ಬಿಟ್ಟು ದಿನ ತಗೋ" ಎಂದುಬಿಡುತ್ತಾರೆ. ಈಗಿನದು ದಿನವೂ ತೆಗೆದುಕೊಳ್ಳುವ ಮಾತ್ರೆ. ಹಿರಿಯರಿಗೆ ಇದನ್ನು ಮೊದಲ ದಿನವೇ ಕೂರಿಸಿ ಹೇಳಿಬಿಡುವುದು ಮೇಲು.

ದಿನಕ್ಕೆಷ್ಟು ಮಾತ್ರೆ, ಎಷ್ಟು ಸ್ಟ್ರಿಪ್

ಮಾತ್ರೆಯ ಸಂಖ್ಯೆ ತೂಕದ ಮೇಲೆ ನಿಲ್ಲುತ್ತದೆ. ಈಗಿನ ಪಟ್ಟಿಯ ಪ್ರಕಾರ 25ರಿಂದ 34 ಕಿಲೋ ಇರುವವರಿಗೆ ದಿನಕ್ಕೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4, 65ರಿಂದ 75ಕ್ಕೆ 5, ಅದಕ್ಕೂ ಮೇಲಿದ್ದರೆ 6. ನಮ್ಮ ಕೆಲಸಗಾರನ ತೂಕ 46 ಕಿಲೋ, ಹಾಗಾಗಿ 3. ಮೂರನ್ನೂ ಒಂದೇ ಹೊತ್ತಿಗೆ ನುಂಗಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಹಂಚಿಕೊಂಡರೆ ರಕ್ತದಲ್ಲಿ ಔಷಧಿ ಏರಬೇಕಾದ ಮಟ್ಟಕ್ಕೆ ಏರುವುದಿಲ್ಲ.

ಸಾಮಾನ್ಯವಾಗಿ ಒಂದು ಸ್ಟ್ರಿಪ್‌ನಲ್ಲಿ 28 ಮಾತ್ರೆ. ಟಿಬಿ ಲೆಕ್ಕದಲ್ಲಿ ತಿಂಗಳು ಎಂದರೂ 28 ದಿನ. ಮೊದಲ ಹಂತ 56 ಡೋಸ್, ಎರಡನೆಯದು 112. ಇಲ್ಲೊಂದು ಸುಲಭದ ಸೂತ್ರ ಸಿಗುತ್ತದೆ: ದಿನಕ್ಕೆ ಎಷ್ಟು ಮಾತ್ರೆಯೋ 28 ದಿನಕ್ಕೆ ಅಷ್ಟೇ ಸ್ಟ್ರಿಪ್. ದಿನಕ್ಕೆ 3 ಇದ್ದವರು 3 ಸ್ಟ್ರಿಪ್ ತರಬೇಕು, 4 ಇದ್ದವರು 4. ಎರಡೇ ಸ್ಟ್ರಿಪ್ ಕೈಗೆ ಬಂದಿದ್ದರೆ ಅಲ್ಲೇ ಕೌಂಟರಿನಲ್ಲಿ ನಿಂತು ಕೇಳಬಹುದು. 28 ದಿನ ಎಂದರೆ ಸರಿಯಾಗಿ 4 ವಾರವಾದ್ದರಿಂದ ಮಾತ್ರೆ ತರುವ ದಿನ ಯಾವಾಗಲೂ ಅದೇ ವಾರಕ್ಕೆ ಬೀಳುತ್ತದೆ. ಸಂತೆಯ ದಿನ ಶುರು ಮಾಡಿದವರಿಗೆ ಸಂತೆಯ ದಿನವೇ ಮುಗಿದ ನೆನಪಾಗುತ್ತದೆ. ಲೈನ್ ಮನೆಯವರಿಗೆ ತಾರೀಕಿಗಿಂತ ಸಂತೆ ಗಟ್ಟಿ ನೆನಪು. ಆದರೆ ಆ ದಿನಕ್ಕೆ ಕಾಯದೆ ಒಂದೆರಡು ದಿನ ಮುಂಚೆಯೇ ತಂದಿಟ್ಟುಕೊಳ್ಳಿ. ಸರ್ಕಾರಿ ರಜೆ ನಮ್ಮ ಲೆಕ್ಕ ಕೇಳಿ ಬರುವುದಿಲ್ಲ.

ಎಡವುವ ಜಾಗ: ಸ್ಟ್ರಿಪ್‌ನ ಕೊನೆ

28ನ್ನು 2ರಿಂದ ಭಾಗಿಸಿದರೆ 14 ದಿನ, 4ರಿಂದಾದರೆ 7 ದಿನ. ಅಂಥವರ ಸ್ಟ್ರಿಪ್ ಡೋಸ್ ಮುಗಿದಾಗಲೇ ಮುಗಿಯುತ್ತದೆ. 3ರಿಂದ ಭಾಗಿಸಿದರೆ 9 ದಿನ ಹೋಗಿ ಒಂದು ಮಾತ್ರೆ ಉಳಿಯುತ್ತದೆ. 5 ಮತ್ತು 6 ಮಾತ್ರೆಯವರಿಗೂ ಹೀಗೆ ಬಿಡಿ ಉಳಿಯುತ್ತವೆ. 35ರಿಂದ 49 ಕಿಲೋ ಎನ್ನುವುದು ಟಿಬಿಯಿಂದ ಬಡಕಲಾದವರು ಬಹಳ ಮಂದಿ ಬೀಳುವ ತೂಕ; ಅವರೆಲ್ಲ ಈ ಒಂದು ಬಿಡಿ ಮಾತ್ರೆಯ ಮುಂದೆ ನಿಲ್ಲಲೇಬೇಕು.

ನಮ್ಮ ಕೆಲಸಗಾರ ಡಿಸೆಂಬರ್ 1ಕ್ಕೆ ಶುರು ಮಾಡಿದ್ದ. 9ನೇ ತಾರೀಕಿಗೆ 27 ಮಾತ್ರೆ ಆಯಿತು. 10ರ ಬೆಳಿಗ್ಗೆ ಸ್ಟ್ರಿಪ್‌ನಲ್ಲಿ ಒಂದೇ ಒಂದು. "ಇವತ್ತಿಗೆ ಒಂದೇ ಇರೋದು" ಎಂದುಕೊಂಡು ಅದೊಂದನ್ನೇ ನುಂಗಿ ಕಣಕ್ಕೆ ಹೋದ. 11ಕ್ಕೆ ಹೊಸ ಸ್ಟ್ರಿಪ್ ಒಡೆದ. 19ಕ್ಕೆ ಅದರಲ್ಲೂ 27 ಮುಗಿದು, 20ಕ್ಕೆ ಮತ್ತೆ ಒಂದೇ ಮಾತ್ರೆ. ಹಾಗಾಗಿ ನಾವು ಹೋದಾಗ 2 ಸ್ಟ್ರಿಪ್ ಪೂರ್ತಿ ಖಾಲಿ, ಮೂರನೆಯದು ಪೂರ್ತಿ ತುಂಬಿತ್ತು. ಆತನಿಗೆ ಸ್ಟ್ರಿಪ್ ಎಂದರೆ ಒಂದು ಕಟ್ಟು; ಒಂದು ಕಟ್ಟು ಮುಗಿಯದೆ ಇನ್ನೊಂದನ್ನು ಬಿಚ್ಚುವುದು ದುಂದು. ರೇಷನ್ ಚೀಲವನ್ನು ನಾವೂ ಹಾಗೇ ತಾನೆ ಬಿಚ್ಚುವುದು?

ಸರಿಯಾದ ಕ್ರಮ ಹೀಗಿರಬೇಕಿತ್ತು. 10ನೇ ದಿನ ಮೊದಲ ಸ್ಟ್ರಿಪ್‌ನ ಕೊನೆಯ 1 ಮತ್ತು ಎರಡನೆಯದರ 2. ಎರಡನೆಯದರಲ್ಲಿ ಉಳಿದ 26ರಲ್ಲಿ 18ನೇ ದಿನದವರೆಗೆ 24 ಹೋಗಿ 2 ಉಳಿಯುತ್ತವೆ. 19ನೇ ದಿನ ಆ 2 ಮತ್ತು ಮೂರನೆಯದರ 1. ಅಲ್ಲಿಂದ ಮೂರನೆಯದರ 27 ಮಾತ್ರೆ ಸರಿಯಾಗಿ 28ನೇ ದಿನಕ್ಕೆ ಮುಗಿಯುತ್ತವೆ. ಅಂದರೆ 28 ದಿನದಲ್ಲಿ ಎರಡೇ ದಿನ, 10 ಮತ್ತು 19, ಎರಡು ಸ್ಟ್ರಿಪ್ ಒಟ್ಟಿಗೆ ಹಿಡಿಯಬೇಕಾದ ದಿನಗಳು. ಕ್ಯಾಲೆಂಡರಿನಲ್ಲಿ ಆ ಎರಡು ದಿನಕ್ಕೆ ಸುತ್ತು ಹಾಕಿಬಿಡಿ.

ಓದುಬರಹ ಇಲ್ಲದ ಮನೆಗಳಲ್ಲಿ ನಾವು ಮಾಡುವುದು ಇನ್ನೂ ಸುಲಭ. ಅಂಗಡಿಯಲ್ಲಿ ಸಿಗುವ ಹಣೆಬೊಟ್ಟಿನ ಸ್ಟಿಕ್ಕರ್ ಹಾಳೆ, ಕೆಂಪು ಒಂದು, ಹಸಿರು ಒಂದು. ಮೂರೂ ಸ್ಟ್ರಿಪ್ಪನ್ನು ಸಾಲಾಗಿ ಹಾಸಿ, ಮೊದಲ 3 ಮಾತ್ರೆಯ ಗುಳ್ಳೆಗಳ ಮೇಲೆ ಕೆಂಪು, ಮುಂದಿನ 3ರ ಮೇಲೆ ಹಸಿರು, ಮತ್ತೆ ಕೆಂಪು, ಹೀಗೆ ಅಂಟಿಸುತ್ತಾ ಹೋಗುವುದು. ಮೊದಲ ಸ್ಟ್ರಿಪ್‌ನ ಕೊನೆಯ ಒಂಟಿ ಮಾತ್ರೆಗೆ ಹಸಿರು ಬಂದರೆ ಎರಡನೆಯ ಸ್ಟ್ರಿಪ್‌ನ ಮೊದಲ ಎರಡಕ್ಕೂ ಹಸಿರೇ ಬರುತ್ತದೆ. ಒಂದು ದಿನಕ್ಕೆ ಒಂದು ಬಣ್ಣದ ಮೂರು. ಬಣ್ಣ ಮುಂದಿನ ಸ್ಟ್ರಿಪ್‌ಗೆ ದಾಟಿದರೆ ಕೈಯೂ ದಾಟುತ್ತದೆ. ಕಂಪನಿ ಕೊಟ್ಟ ಬಣ್ಣ ನಂಬಬೇಡಿ ಎಂದವನೇ ನಾನು, ಆದರೆ ನಾವೇ ಅಂಟಿಸಿದ ಬಣ್ಣ ನಂಬಬಹುದು. ಬರೆಯುವವರು ಹಿಂಬದಿಯ ಹಾಳೆಯ ಮೇಲೆ ತಾರೀಕು ಬರೆಯಬಹುದು. ಮಾರ್ಕರ್ ಪೆನ್ ಬಳಸಿ, ಬಾಲ್ ಪೆನ್ನಿನ ಮೊನೆ ಹಾಳೆಯನ್ನು ತೂತು ಮಾಡುತ್ತದೆ.

ಉಳಿದ ಮಾತ್ರೆ ಎಣಿಸಿ ತಪ್ಪನ್ನು ಓದುವುದು

ನೋಡಿಕೊಳ್ಳುವವರು ವಾರಕ್ಕೊಮ್ಮೆಯಾದರೂ ಎಣಿಸಬೇಕು. ಕೊಟ್ಟ ಮಾತ್ರೆಯಲ್ಲಿ ಇಷ್ಟು ದಿನಕ್ಕೆ ಹೋಗಬೇಕಾದ್ದನ್ನು ಕಳೆದರೆ ಉಳಿಯಬೇಕಾದ್ದು ಸಿಗುತ್ತದೆ. ಇವತ್ತಿನದನ್ನು ನುಂಗಿಯಾಯಿತೇ ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಕೆಲಸಗಾರನಿಗೆ ಕೊಟ್ಟದ್ದು 84, 20 ದಿನಕ್ಕೆ ಹೋಗಬೇಕಾದ್ದು 60, ಉಳಿಯಬೇಕಾದ್ದು 24. ಉಳಿದದ್ದು 28. ನಾಲ್ಕು ಹೆಚ್ಚು.

ಈ ನಾಲ್ಕು ಎಂಬ ಸಂಖ್ಯೆಯೇ ಕಥೆ ಹೇಳುತ್ತದೆ. ದಿನ ಬಿಟ್ಟಿದ್ದರೆ 3, 6, 9 ಹೀಗೆ ಮೂರರ ಲೆಕ್ಕದಲ್ಲಿ ಉಳಿಯಬೇಕು. ಮೂರರ ಲೆಕ್ಕಕ್ಕೆ ಸಿಗದ ಸಂಖ್ಯೆ ಉಳಿದರೆ ಡೋಸ್ ಒಡೆದಿದೆ ಎಂದೇ ಅರ್ಥ. ಆಗ "ಯಾವ ದಿನ ಬಿಟ್ಟೆ?" ಎಂದು ಗದರಿಸಿದರೆ ಅವರು "ಬಿಟ್ಟಿಲ್ಲ" ಎಂದೇ ಹೇಳುತ್ತಾರೆ, ಅದು ನಿಜವೂ ಹೌದು. "ಸ್ಟ್ರಿಪ್ ಮುಗಿಯುವ ದಿನ ಎಷ್ಟು ನುಂಗಿದೆ?" ಎಂದು ಕೇಳಬೇಕು. ನಾನು ಹಾಗೆ ಕೇಳಿದ ತಕ್ಷಣ ಆತ "ಒಂದೇ ಇತ್ತಲ್ಲ ಸಾರ್" ಎಂದ. ಮೂರರ ಲೆಕ್ಕದಲ್ಲೇ ಉಳಿದಿದ್ದರೂ ಈ ಪ್ರಶ್ನೆ ಕೇಳುವುದು ಒಳ್ಳೆಯದು, ಒಡೆದ ಡೋಸ್‌ಗಳು ಮೂರಾದರೆ ಉಳಿಯುವುದು 6.

ಉಳಿಯಬೇಕಾದ್ದಕ್ಕಿಂತ ಕಡಿಮೆ ಉಳಿದಿದ್ದರೆ ಹೆಚ್ಚು ನುಂಗಿರಬಹುದು, ಇಲ್ಲವೇ ಕೆಮ್ಮಿದ ಮನೆಮಂದಿಗೆ ಹಂಚಿರಬಹುದು. ಎರಡನೆಯದು ಲೈನ್ ಮನೆಗಳಲ್ಲಿ ಅಪರೂಪವೇನಲ್ಲ.

ಮೂತ್ರದ ಬಣ್ಣವೂ ಒಂದು ಸುಳಿವು. ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆಗೆ ತಿರುಗಿಸುತ್ತದೆ, ಬೆವರು ಕಣ್ಣೀರಿಗೂ ಛಾಯೆ ಬರಬಹುದು. ಇದರಲ್ಲಿ ಹೆದರುವುದು ಏನೂ ಇಲ್ಲ. ಆದರೆ ಒಂದೇ ಮಾತ್ರೆ ನುಂಗಿದರೂ ಬಣ್ಣ ಬರುತ್ತದೆ, ಮೊನ್ನೆಯ ಡೋಸ್ ತಪ್ಪಿದ್ದನ್ನು ಅದು ಹೇಳುವುದಿಲ್ಲ. ಎಣಿಕೆಯ ಜಾಗದಲ್ಲಿ ಅದನ್ನು ಕೂರಿಸಲಾಗದು.

ತಪ್ಪಿದೆ ಎಂದು ಗೊತ್ತಾದ ಮೇಲೆ

ಮರುದಿನ 5 ಮಾತ್ರೆ ನುಂಗಿಸಿ ಸರಿದೂಗಿಸಬಾರದು. ಎಂದಿನಂತೆ 3 ನುಂಗಿಸಿ, ಆರೋಗ್ಯ ಕೇಂದ್ರದ ವೈದ್ಯರಿಗೂ ಟಿಬಿ ಮೇಲ್ವಿಚಾರಕರಿಗೂ ತಿಳಿಸಿ. ಇಲ್ಲಿ ವೈದ್ಯರು ಆ ಎರಡು ದಿನವನ್ನು ಡೋಸ್ ಎಂದು ಎಣಿಸದೆ, 56 ತುಂಬುವವರೆಗೆ ಮೊದಲ ಹಂತವನ್ನು ಎರಡು ದಿನ ಮುಂದಕ್ಕೆ ಹಾಕಿದರು.

ಆಗ ಲೆಕ್ಕ ಹೀಗಾಯಿತು. ಡಿಸೆಂಬರ್ 20ಕ್ಕೆ ಪೂರ್ಣ ಡೋಸ್ 18, ಇನ್ನು 38 ಬೇಕು. 21ರಿಂದ ಎಣಿಸಿದರೆ ಜನವರಿ 25ಕ್ಕೆ ಮುಗಿಯಬೇಕಿದ್ದದ್ದು 27ಕ್ಕೆ ಮುಗಿಯುತ್ತದೆ. 38 ಡೋಸ್‌ಗೆ 114 ಮಾತ್ರೆ. ಕೈಯಲ್ಲಿದ್ದ 28, ಮುಂದಿನ ಕಂತಿನ 84, ಒಟ್ಟು 112. ಒಂಟಿಯಾಗಿ ನುಂಗಿದ ಆ 2 ಮಾತ್ರೆ ಇಲ್ಲಿ ಕಡಿಮೆ ಬಿದ್ದವು. ಅದಕ್ಕಾಗಿ 400 ಅಂಕಿಯ ಇನ್ನೊಂದು ಸ್ಟ್ರಿಪ್ ಒಡೆಯಬೇಕಾಯಿತು. ಅದರಲ್ಲಿ ಉಳಿದ 26ನ್ನು ಜನವರಿ 27ಕ್ಕೇ ವಾಪಸ್ ತಂದುಕೊಟ್ಟು, 28ರಿಂದ 400 ಇಲ್ಲದ ಸ್ಟ್ರಿಪ್ ಶುರು ಮಾಡಿಸಿದೆವು. ವಾಪಸ್ ತರುವುದನ್ನು ನಾನು ಬಿಡದೆ ಮಾಡಿಸುತ್ತೇನೆ. ಎರಡು ಹಂತದ ಮಾತ್ರೆ ಒಂದೇ ಡಬ್ಬಿಯಲ್ಲಿದ್ದರೆ ಒಂದು ದಿನ ಇದು, ಒಂದು ದಿನ ಅದು ಎಂದಾಗಿಬಿಡುತ್ತದೆ. ಸಂಖ್ಯೆ ಎರಡೂ ಹಂತದಲ್ಲಿ 3 ಆದ್ದರಿಂದ ಎಣಿಕೆಯಲ್ಲಿ ಆ ತಪ್ಪು ಸಿಕ್ಕಿಬೀಳುವುದಿಲ್ಲ.

ಹಂತ ಬದಲಾಗುವಾಗ ತೂಕ ಮತ್ತೆ ನೋಡಿಸಿ. ಊಟ ಸೇರತೊಡಗಿ 50 ಕಿಲೋ ದಾಟಿದ್ದರೆ ವೈದ್ಯರು ದಿನಕ್ಕೆ 4 ಮಾಡಬಹುದು. ಆಗ ಬೊಟ್ಟಿನ ಲೆಕ್ಕವನ್ನೂ ನಾಲ್ಕಕ್ಕೆ ಬದಲಿಸಬೇಕು. ನಮ್ಮವನು 48ಕ್ಕೆ ಬಂದಿದ್ದ, ಮೂರೇ ಉಳಿಯಿತು.

ಸ್ಟ್ರಿಪ್‌ನಿಂದ ಬಿಡಿಸಿಡಬೇಡಿ

ಲೆಕ್ಕ ಸುಲಭವಾಗಲೆಂದು ವಾರದ 21 ಮಾತ್ರೆಯನ್ನು ಒಡೆದು ಡಬ್ಬಿಗೆ ಹಾಕಿಡುವವರಿದ್ದಾರೆ. ಬಯಲುಸೀಮೆಯಲ್ಲೂ ಇದು ಒಳ್ಳೆಯದಲ್ಲ, ಕೊಡಗಿನ ಮಳೆಗಾಲದಲ್ಲಂತೂ ಮಾಡಲೇಬಾರದು. ಎಥಾಂಬ್ಯುಟಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥ. ತೇವ ಒಳಗೆ ಬಂತೆಂದರೆ ಅದೇ ಮಾತ್ರೆಯಲ್ಲಿರುವ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಒಂದರ ಮೇಲೊಂದು ಕೆಲಸ ಮಾಡಿ ರಿಫಾಂಪಿಸಿನ್ ಕೆಡುತ್ತದೆ. ನಾಲ್ಕನ್ನು ಒಂದೇ ಮಾತ್ರೆಯಲ್ಲಿ ಕಟ್ಟಿದ್ದರಿಂದ ರೋಗಿ ಒಂದನ್ನು ಬಿಟ್ಟು ಒಂದನ್ನು ನುಂಗುವ ದಾರಿ ಮುಚ್ಚಿತು. ಅದಕ್ಕೆ ತೆತ್ತ ಬೆಲೆ ಈ ಸೂಕ್ಷ್ಮ. ಶರ್ಟು ಒಣಗಲು ಮೂರು ದಿನ ಹಿಡಿಯುವ ಜುಲೈಯಲ್ಲಿ ಬಿಡಿ ಮಾತ್ರೆಯ ಗತಿ ಏನೆಂದು ನೀವೇ ಊಹಿಸಬಹುದು.

ಮಾತ್ರೆ ಅಂಟಂಟಾಗಿದ್ದರೆ, ಲೇಪ ಬಿರುಕು ಬಿಟ್ಟು ಕಲೆ ಕಂಡರೆ, ಊದಿಕೊಂಡಿದ್ದರೆ ನುಂಗದೆ ಬದಲಾಯಿಸಿಕೊಳ್ಳಿ. ಸ್ಟ್ರಿಪ್ಪನ್ನು ಇಡಿಯಾಗಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒಲೆಯ ಮೇಲಿನ ಅಟ್ಟ ಮತ್ತು ಬಚ್ಚಲು ಎರಡರಿಂದಲೂ ದೂರ ಇಡಿ. ಕತ್ತರಿಯಿಂದ ತುಂಡು ಮಾಡಿ ಜೇಬಿಗೆ ಹಾಕಿಕೊಂಡು ತೋಟಕ್ಕೆ ಒಯ್ಯುವುದೂ ಬೇಡ. ಅವಧಿ ಮುಗಿಯುವ ತಾರೀಕು ಒಂದು ತುಂಡಿನಲ್ಲಿ, 400 ಇನ್ನೊಂದರಲ್ಲಿ ಹೋಗುತ್ತದೆ. ಕೆಲಸಕ್ಕೆ ಹೊರಡುವ ಮೊದಲೇ ಮನೆಯಲ್ಲಿ ಬರೀ ಹೊಟ್ಟೆಗೆ ನುಂಗಿ ಹೋಗುವುದು ಸರಿ. ವಾಕರಿಕೆ ತಡೆಯಲಾಗದಿದ್ದರೆ ಒಂದಿಷ್ಟು ಗಂಜಿಯ ಜೊತೆ ತೆಗೆದುಕೊಳ್ಳಬಹುದೇ ಎಂದು ಕೇಂದ್ರದಲ್ಲಿ ಕೇಳಿ.

ಬಣ್ಣ ಮಂಕಾದರೆ

ಬೊಟ್ಟಿನ ಸ್ಟಿಕ್ಕರ್‌ನಿಂದ ಇನ್ನೊಂದು ಉಪಯೋಗವಿದೆ. ಎಥಾಂಬ್ಯುಟಾಲ್ ಕೆಲವರ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ಶುರುವಿನಲ್ಲಿ ಕೆಂಪು ಹಸಿರಿನ ವ್ಯತ್ಯಾಸ ಮಸುಕಾಗಬಹುದು. ಅದಕ್ಕೆ ಹೋದಾಗಲೆಲ್ಲ ಒಂದೊಂದೇ ಕಣ್ಣು ಮುಚ್ಚಿಸಿ, ಇವತ್ತಿನ ಬೊಟ್ಟು ಯಾವ ಬಣ್ಣದ್ದು, 75 ಎಲ್ಲಿದೆ ತೋರಿಸು ಎಂದು ಕೇಳುತ್ತೇನೆ. ಇದು ಕಣ್ಣಿನ ಪರೀಕ್ಷೆಯಲ್ಲ. ಆದರೆ ಕಳೆದ ವಾರ ತಟ್ಟನೆ ಹೇಳಿದವರು ಈ ವಾರ ತಡವರಿಸಿದರೆ ಅವತ್ತೇ ವೈದ್ಯರ ಬಳಿ ಕರೆದೊಯ್ಯಬೇಕು. ಎಥಾಂಬ್ಯುಟಾಲ್ ಎರಡೂ ಹಂತದಲ್ಲಿ ಇರುವುದರಿಂದ ಈ ಪ್ರಶ್ನೆ 6 ತಿಂಗಳೂ ನಡೆಯಬೇಕು. ಕಣ್ಣಿನ ಬಿಳಿಯೇ ಹಳದಿಯಾಗಿದ್ದರೆ, ವಾಂತಿ ಬಿಡದಿದ್ದರೆ ಅದು ಬೇರೆ ವಿಷಯ, ಪಿತ್ತಜನಕಾಂಗದ್ದು, ಅಂದೂ ಕಾಯುವಂತಿಲ್ಲ.

ಕುಯ್ಲು ಮುಗಿದ ಮೇಲೆ

ರೊಬಸ್ಟಾ ಕುಯ್ಲು ಮುಗಿದು ಮಾರ್ಚಿನಲ್ಲಿ ದಂಪತಿ ಊರಿಗೆ ಹೊರಟರು. ಜನವರಿ 28ರಿಂದ 112 ದಿನ ಎಂದರೆ, ಫೆಬ್ರವರಿಗೆ 28 ದಿನ ಹಿಡಿದು, ಮೇ 19. ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ. ಹೊರಡುವ ವಾರದ ಮುಂಚೆಯೇ ಹೇಳಿದರೆ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲೇ ಅವರನ್ನು ಅಲ್ಲಿನ ಆಸ್ಪತ್ರೆಗೆ ವರ್ಗ ಮಾಡುತ್ತಾರೆ, ಹೊಸದಾಗಿ ಏನೂ ಶುರು ಮಾಡಬೇಕಾಗಿಲ್ಲ. ನಾವು ನಿಕ್ಷಯ್ ಐಡಿಯನ್ನು ಚೀಟಿಯಲ್ಲಿ ಬರೆದು, ಅಲ್ಲಿಯವರೆಗೆ ಮುಗಿದ ಡೋಸ್ ಎಷ್ಟು, ಕೈಯಲ್ಲಿರುವ ಮಾತ್ರೆ ಎಷ್ಟು ಎಂದು ಕೆಳಗೆ ಬರೆದು ಡಬ್ಬಿಯೊಳಗೆ ಹಾಕಿದೆವು. ಖಾಲಿಯಾದ ಒಂದು ಸ್ಟ್ರಿಪ್ಪನ್ನೂ ಎಸೆಯದೆ ಜೊತೆಗಿಡಲು ಹೇಳಿದೆ. ಅಲ್ಲಿ ಬಣ್ಣ ಬೇರೆಯ ಮಾತ್ರೆ ಕೊಟ್ಟರೆ ಪಕ್ಕದಲ್ಲಿಟ್ಟು ಅಂಕಿ ನೋಡಲು ಬೇಕಾಗುತ್ತದೆ. ಆತನ ಹೆಂಡತಿ ಡಬ್ಬಿ ಮುಚ್ಚುವ ಮುಂಚೆ ಬೊಟ್ಟಿನ ಹಾಳೆ ಎಲ್ಲಿ ಎಂದು ಹುಡುಕಿದಳು. ಹಸಿರು ಮುಗಿದಿತ್ತು. "ನೀಲಿ ಆದರೆ ಆಗ್ತದಾ ಸಾರ್?" ಎಂದಳು. ಲೆಕ್ಕಕ್ಕೆ ಆಗ್ತದಮ್ಮ, ಆದರೆ ಕಣ್ಣು ನೋಡೋಕೆ ಹಸಿರೇ ಬೇಕು, ಸಂತೆಯಲ್ಲಿ ತಗೋ ಎಂದೆ.